ಜಾತಕದ ಮೊದಲ ಪುಟ: ತಿಥಿ, ವಾರ, ಯೋಗ, ಕರಣಗಳನ್ನು ಓದುವ ಬಗೆ

ಮಗುವಿನ ಜಾತಕ ಕೈಗೆ ಬಂದಾಗ ಹೆಚ್ಚಿನ ತಂದೆ ತಾಯಂದಿರ ಕಣ್ಣು ಮೊದಲು ಹೋಗುವುದು ಹನ್ನೆರಡು ಮನೆಗಳ ಕುಂಡಲಿಯ ಮೇಲಲ್ಲ. ಅದನ್ನು ಓದಲು ಅಭ್ಯಾಸ ಬೇಕು. ಅದಕ್ಕಿಂತ ಮೇಲೆ, ಹೆಸರು ಮತ್ತು ಊರಿನ ಕೆಳಗೆ, ಅಕ್ಷರದಲ್ಲಿ ಬರೆದ ನಾಲ್ಕೈದು ಪದಗಳಿರುತ್ತವೆ: ಬಹುಳ ಚತುರ್ದಶಿ, ಶನಿವಾರ, ವ್ಯಾಘಾತ ಯೋಗ, ವಿಷ್ಟಿ ಕರಣ. ಇವನ್ನು ಯಾರು ಬೇಕಾದರೂ ಓದಬಹುದು. ಓದಿದ ಕೂಡಲೇ ಅರ್ಥವಾದಂತೆಯೂ ಅನಿಸುತ್ತದೆ. ವ್ಯಾಘಾತ ಎಂದರೆ ಪೆಟ್ಟು, ಶೂಲ ಎಂದರೆ ಚುಚ್ಚುವ ಆಯುಧ, ರಿಕ್ತ ಎಂದರೆ ಬರಿದು. ಹಸುಗೂಸಿನ ಹೆಸರಿನ ಪಕ್ಕದಲ್ಲಿ ಇಂಥ ಪದ ಕಂಡರೆ ಹೆತ್ತವರ ಎದೆ ಝಲ್ಲೆನ್ನುವುದು ಸಹಜ.

ಈ ಭಯಕ್ಕೆ ಒಂದು ನಿರ್ದಿಷ್ಟ ಕಾರಣವಿದೆ. ಪಂಚಾಂಗವನ್ನು ನಾವು ದಿನನಿತ್ಯ ಬಳಸುವುದು ಮುಹೂರ್ತಕ್ಕೆ, ಅಂದರೆ ಒಂದು ಕೆಲಸವನ್ನು ಯಾವಾಗ ಆರಂಭಿಸಬೇಕು ಎಂದು ಆಯ್ದುಕೊಳ್ಳುವುದಕ್ಕೆ. ಗೃಹಪ್ರವೇಶಕ್ಕೆ ಚೌತಿ ಬೇಡ, ಪ್ರಯಾಣಕ್ಕೆ ಭದ್ರೆ ಬೇಡ, ಮದುವೆಗೆ ವ್ಯತೀಪಾತ ಬೇಡ ಎಂದು ಮನೆಯಲ್ಲಿ ಕೇಳಿಕೊಂಡೇ ಬೆಳೆದಿರುತ್ತೇವೆ. ‘ಬೇಡ’ ಎಂಬ ಆ ಪಟ್ಟಿ ಮನಸ್ಸಿನಲ್ಲಿ ಗಟ್ಟಿಯಾಗಿ ಕೂತಿರುತ್ತದೆ. ಅದೇ ಹೆಸರು ಜಾತಕದಲ್ಲಿ ಕಂಡಾಗ, ಕೆಲಸಕ್ಕೆ ಹೇಳಿದ್ದನ್ನು ಮಗುವಿಗೆ ಅನ್ವಯಿಸಿಬಿಡುತ್ತೇವೆ. ಆದರೆ ಮುಹೂರ್ತ ಆಯ್ಕೆಯ ಶಾಸ್ತ್ರ. ನಾಳೆ ಇನ್ನೂ ಒಳ್ಳೆಯ ಹೊತ್ತು ಇದೆ ಎಂಬ ನೆಲೆಯಲ್ಲಿ ಅದು ಇವತ್ತಿನ ಹೊತ್ತನ್ನು ಬಿಡಿಸುತ್ತದೆ. ಹುಟ್ಟಿಗೆ ಆಯ್ಕೆಯಿಲ್ಲ. ಜಾತಕದ ಕೆಲಸ ಇರುವ ಹೊತ್ತನ್ನು ವಿವರಿಸುವುದು.

ಹೀಗೆಂದ ಮಾತ್ರಕ್ಕೆ ಹಳಬರು ಜನ್ಮಕಾಲದ ತಿಥಿ ಕರಣಗಳನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ ಎಂದಲ್ಲ. ಬೃಹತ್ ಪರಾಶರ ಹೋರಾಶಾಸ್ತ್ರದ ಕೊನೆಯ ಭಾಗದಲ್ಲಿ ಅಮಾವಾಸ್ಯೆ, ಬಹುಳ ಚತುರ್ದಶಿ, ಭದ್ರೆ, ವ್ಯತೀಪಾತ ಮುಂತಾದ ಹೊತ್ತಿನ ಜನನದ ಬಗ್ಗೆ ಅಧ್ಯಾಯಗಳಿವೆ, ಜೊತೆಗೆ ಶಾಂತಿವಿಧಿಗಳೂ ಇವೆ. ಢುಂಢಿರಾಜನ ಜಾತಕಾಭರಣ ಪಂಚಾಂಗದ ಒಂದೊಂದು ಅಂಗಕ್ಕೂ ಬೇರೆ ಬೇರೆ ಜನ್ಮಫಲ ಹೇಳುತ್ತದೆ. ಇವುಗಳಿಗೆ ಕುಂಡಲಿಯಲ್ಲಿ ಸ್ಥಾನವಿದೆ. ಆ ಸ್ಥಾನ ಎಷ್ಟು ದೊಡ್ಡದು ಎಂಬುದನ್ನು ತಿಳಿಯಲು, ಪ್ರತಿಯೊಂದನ್ನೂ ಹೇಗೆ ಲೆಕ್ಕ ಹಾಕುತ್ತಾರೆ ಎಂದು ನೋಡಬೇಕು. ಐದನೆಯ ಅಂಗವಾದ ನಕ್ಷತ್ರವನ್ನು ಇಲ್ಲಿ ಬಿಟ್ಟಿದ್ದೇನೆ. ಮಗುವಿನ ನಕ್ಷತ್ರನಾಮ, ದಶಾಭುಕ್ತಿಗಳೆಲ್ಲ ಅದರ ಮೇಲೆ ನಿಂತಿರುವುದರಿಂದ ಅದು ಬೇರೆಯೇ ವಿಷಯ.

ತಿಥಿ ಎಂದರೆ ಸೂರ್ಯನಿಂದ ಚಂದ್ರ ಎಷ್ಟು ದೂರ ಸರಿದಿದ್ದಾನೆ ಎಂಬ ಅಳತೆ. ಇಬ್ಬರೂ ಒಂದೇ ಕಡೆ ಸೇರಿದ ಕ್ಷಣ ಅಮಾವಾಸ್ಯೆಯ ಅಂತ್ಯ. ಅಲ್ಲಿಂದ ಚಂದ್ರ 12 ಡಿಗ್ರಿ ಮುಂದೆ ಹೋದರೆ ಪಾಡ್ಯ ಮುಗಿಯಿತು, 24 ಡಿಗ್ರಿಗೆ ಬಿದಿಗೆ ಮುಗಿಯಿತು. ಹೀಗೆ 360 ಡಿಗ್ರಿಗೆ 30 ತಿಥಿ. ಚಂದ್ರನ ವೇಗ ಒಂದೇ ಸಮನೆ ಇರುವುದಿಲ್ಲವಾದ್ದರಿಂದ ಒಂದು ತಿಥಿ ಸುಮಾರು 20 ಗಂಟೆಯಲ್ಲಿ ಮುಗಿಯಬಹುದು, 27 ಗಂಟೆಯವರೆಗೂ ಎಳೆಯಬಹುದು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನಕ್ಕೆ ಅಚ್ಚಾಗಿರುವುದು ಸೂರ್ಯೋದಯಕ್ಕೆ ಇರುವ ತಿಥಿ. ಮಗುವಿನ ತಿಥಿ ಹುಟ್ಟಿದ ಕ್ಷಣಕ್ಕೆ ನಡೆಯುತ್ತಿರುವ ತಿಥಿ. ಬೆಳಿಗ್ಗೆ ಚೌತಿ ಇದ್ದು ಹತ್ತು ಗಂಟೆಗೆ ಮುಗಿದರೆ, ಮಧ್ಯಾಹ್ನ ಹುಟ್ಟಿದ ಮಗುವಿನದು ಪಂಚಮಿ. ‘ಇವಳು ಚೌತಿಯಲ್ಲಿ ಹುಟ್ಟಿದವಳು’ ಎಂದು ವರ್ಷಗಟ್ಟಲೆ ಮನೆಮಂದಿ ಹೇಳಿಕೊಂಡು ಬಂದದ್ದು ಜಾತಕ ಬರೆಸುವಾಗ ತಪ್ಪೆಂದು ತಿಳಿಯುವುದು ಅಪರೂಪವಲ್ಲ.

ಕುಂಡಲಿಗೆ ತಿಥಿ ಕೊಡುವ ಮುಖ್ಯ ಮಾಹಿತಿ ಚಂದ್ರನ ಬಲ. ಅಮಾವಾಸ್ಯೆಯ ಹತ್ತಿರ ಚಂದ್ರ ಕ್ಷೀಣ, ಹುಣ್ಣಿಮೆಯ ಹತ್ತಿರ ಪೂರ್ಣ. ಇದನ್ನು ಪಕ್ಷಬಲ ಎನ್ನುತ್ತಾರೆ. ಜ್ಯೋತಿಷದಲ್ಲಿ ಚಂದ್ರ ಮನಸ್ಸಿಗೆ, ತಾಯಿಗೆ ಕಾರಕನಾದ್ದರಿಂದ ಈ ಬಲಕ್ಕೆ ಬೆಲೆಯಿದೆ. ಆದರೆ ಚಂದ್ರನ ಬಲ ಪಕ್ಷವೊಂದರಿಂದಲೇ ಬರುವುದಿಲ್ಲ. ಅವನು ಯಾವ ರಾಶಿಯಲ್ಲಿದ್ದಾನೆ, ಯಾರ ಜೊತೆ ಇದ್ದಾನೆ, ಗುರುವಿನ ದೃಷ್ಟಿ ಇದೆಯೇ ಎಂಬುದನ್ನೆಲ್ಲ ಸೇರಿಸಿ ತೂಗಬೇಕು.

ಚೌತಿ, ನವಮಿ, ಚತುರ್ದಶಿಗಳಿಗೆ ರಿಕ್ತ ತಿಥಿಗಳು ಎಂಬ ಹೆಸರಿದೆ. ಆ ಪದ ಕಂಡು ಕಳವಳಪಡುವವರು ಒಮ್ಮೆ ನಮ್ಮ ಹಬ್ಬಗಳ ಪಟ್ಟಿ ನೋಡಬೇಕು. ಗಣೇಶನದು ಚೌತಿ, ರಾಮನದು ನವಮಿ, ನರಸಿಂಹ ಜಯಂತಿ ಚತುರ್ದಶಿ. ಮೂರೂ ರಿಕ್ತವೇ. ಹೊಸ ಕೆಲಸ ಆರಂಭಿಸಲು ಈ ತಿಥಿಗಳನ್ನು ಬಿಡುವ ಸಂಪ್ರದಾಯವೇ ಇವುಗಳನ್ನು ದೇವರ ಜನ್ಮದಿನಗಳೆಂದು ಆಚರಿಸುತ್ತದೆ. ಮುಹೂರ್ತದ ಮಾತು ಬೇರೆ, ಜನ್ಮದ ಮಾತು ಬೇರೆ ಎಂಬುದಕ್ಕೆ ಇದಕ್ಕಿಂತ ಹತ್ತಿರದ ಸಾಕ್ಷಿ ಬೇಕಿಲ್ಲ.

ವಾರದ ವಿಷಯ ಸರಳ, ಆದರೆ ತಪ್ಪುವುದು ಇಲ್ಲೇ ಹೆಚ್ಚು. ಪಂಚಾಂಗದ ವಾರ ಸೂರ್ಯೋದಯದಿಂದ ಮರುದಿನದ ಸೂರ್ಯೋದಯದವರೆಗೆ. ಆಸ್ಪತ್ರೆಯ ದಾಖಲೆಯ ದಿನ ಮಧ್ಯರಾತ್ರಿಯಿಂದ ಮಧ್ಯರಾತ್ರಿಗೆ. ಮಂಗಳವಾರ ಬೆಳಗಿನ ಜಾವ ಮೂರು ಗಂಟೆಗೆ ಹುಟ್ಟಿದ ಮಗುವಿಗೆ ಜನನ ಪ್ರಮಾಣಪತ್ರದ ತಾರೀಖಿನಂತೆ ಮಂಗಳವಾರ, ಜಾತಕದಲ್ಲಿ ಸೋಮವಾರ. ಎರಡೂ ಸರಿಯೇ. ವಾರಕ್ಕೂ ಆಕಾಶದಲ್ಲಿ ಗ್ರಹ ನಿಂತ ಜಾಗಕ್ಕೂ ಸಂಬಂಧವಿಲ್ಲ, ಅದು ಏಳರ ಎಣಿಕೆ ಮಾತ್ರ. ಕುಂಡಲಿಗೆ ವಾರ ಸೇರಿಸುವುದು ಅದರ ಅಧಿಪತಿಯನ್ನು. ಶನಿವಾರ ಹುಟ್ಟಿದ ಮಗುವಿನ ಕುಂಡಲಿಯಲ್ಲಿ ಶನಿ ಎಲ್ಲಿದ್ದಾನೆ, ಬಲವಾಗಿದ್ದಾನೆಯೇ ಎಂದು ಜೋಯಿಸರು ಇನ್ನೊಮ್ಮೆ ಗಮನಿಸುತ್ತಾರೆ, ಅಷ್ಟೇ. ಶನಿವಾರ ಹುಟ್ಟಿದ್ದರಿಂದಲೇ ಶನಿಕಾಟ ಎಂಬುದು ಶಾಸ್ತ್ರದ ಮಾತಲ್ಲ.

ಯೋಗ ಎಂಬ ಪದ ಜಾತಕದಲ್ಲಿ ಎರಡು ಕಡೆ ಬರುತ್ತದೆ. ಗಜಕೇಸರಿ ಯೋಗ, ರಾಜಯೋಗಗಳೆಂದರೆ ಗ್ರಹಗಳು ಪರಸ್ಪರ ನಿಂತ ರೀತಿ. ಪಂಚಾಂಗದ ಯೋಗ ಅದಲ್ಲ. ಅದು ಸೂರ್ಯ ಮತ್ತು ಚಂದ್ರ ಮೇಷದಿಂದ ಎಷ್ಟೆಷ್ಟು ದೂರ ಬಂದಿದ್ದಾರೆ ಎಂಬುದರ ಮೊತ್ತ. ತಿಥಿಗೆ ವ್ಯತ್ಯಾಸ ತೆಗೆದುಕೊಂಡರೆ ಯೋಗಕ್ಕೆ ಕೂಡುತ್ತಾರೆ. ಆ ಮೊತ್ತದಲ್ಲಿ 13 ಡಿಗ್ರಿ 20 ಕಲೆಗೆ ಒಂದರಂತೆ ವಿಷ್ಕಂಭದಿಂದ ವೈಧೃತಿಯವರೆಗೆ 27 ಯೋಗಗಳು. ಇವುಗಳಲ್ಲಿ ಒಂಬತ್ತನ್ನು ಅಶುಭ ಎನ್ನುವುದು ವಾಡಿಕೆ. ಅಲ್ಲೂ ಮುಹೂರ್ತ ಗ್ರಂಥಗಳು ಅಳತೆ ಇಟ್ಟುಕೊಂಡಿವೆ: ವ್ಯತೀಪಾತ, ವೈಧೃತಿಗಳನ್ನು ಪೂರ್ತಿ ಬಿಡುತ್ತವೆ, ವಿಷ್ಕಂಭದಲ್ಲಿ ಮೊದಲ 3 ಗಳಿಗೆ, ಶೂಲದಲ್ಲಿ ಮೊದಲ 5 ಗಳಿಗೆ ಬಿಟ್ಟರೆ ಸಾಕು ಎನ್ನುತ್ತವೆ. ಒಂದು ಗಳಿಗೆ 24 ನಿಮಿಷ. ಅಂದರೆ ಮುಹೂರ್ತಕ್ಕೇ ಎರಡು ಗಂಟೆ ಕಳೆದರೆ ದೋಷವಿಲ್ಲವೆನ್ನುವ ಶೂಲವನ್ನು ನಾವು ಮಗುವಿನ ಇಡೀ ಬಾಳಿಗೆ ಅಂಟಿಸುತ್ತಿರುತ್ತೇವೆ.

ಕರಣ ಎಂದರೆ ತಿಥಿಯ ಅರ್ಧ, 6 ಡಿಗ್ರಿ. ಬವ, ಬಾಲವ, ಕೌಲವ, ತೈತಿಲ, ಗರಜ, ವಣಿಜ, ವಿಷ್ಟಿ ಎಂಬ ಏಳು ಕರಣಗಳು ತಿಂಗಳಲ್ಲಿ ಎಂಟೆಂಟು ಸಲ ಸುತ್ತಿ ಬರುತ್ತವೆ. ಶಕುನಿ, ಚತುಷ್ಪಾತ್, ನಾಗ, ಕಿಂಸ್ತುಘ್ನ ಎಂಬ ನಾಲ್ಕು ಅಮಾವಾಸ್ಯೆಯ ಆಸುಪಾಸಿನಲ್ಲಿ ಒಂದೊಂದೇ ಸಲ. ವಿಷ್ಟಿಯನ್ನೇ ನಾವು ಭದ್ರೆ ಎನ್ನುವುದು. ಅದು ಬೀಳುವ ಜಾಗಗಳು ಖಚಿತ: ಶುದ್ಧದಲ್ಲಿ ಚೌತಿ ಮತ್ತು ಏಕಾದಶಿಯ ಉತ್ತರಾರ್ಧ, ಅಷ್ಟಮಿ ಮತ್ತು ಹುಣ್ಣಿಮೆಯ ಪೂರ್ವಾರ್ಧ, ಬಹುಳದಲ್ಲಿ ತದಿಗೆ ಮತ್ತು ದಶಮಿಯ ಉತ್ತರಾರ್ಧ, ಸಪ್ತಮಿ ಮತ್ತು ಚತುರ್ದಶಿಯ ಪೂರ್ವಾರ್ಧ. ಹಾಗಾಗಿ ಪಂಚಮಿ ತಿಥಿ, ವಿಷ್ಟಿ ಕರಣ ಎಂದು ಜಾತಕದಲ್ಲಿದ್ದರೆ ಲೆಕ್ಕವೇ ತಪ್ಪಿದೆ ಎಂದು ತಿಳಿಯಿರಿ. ಪಂಚಮಿಯಲ್ಲಿ ಭದ್ರೆ ಬರಲು ಸಾಧ್ಯವೇ ಇಲ್ಲ.

ಈಗ ಒಂದು ಸಣ್ಣ ಲೆಕ್ಕ ಹಾಕೋಣ. ಚಾಂದ್ರಮಾಸದ 60 ಅರ್ಧತಿಥಿಗಳಲ್ಲಿ ರಿಕ್ತ ತಿಥಿಗಳಿಗೆ 12 ಹೋದವು, ಅಮಾವಾಸ್ಯೆಗೆ 2, ವಿಷ್ಟಿಗೆ 8. ವಿಷ್ಟಿಯ ಎರಡು ರಿಕ್ತದಲ್ಲೇ ಬರುವುದರಿಂದ ಅವನ್ನು ಕಳೆದರೆ ಒಟ್ಟು 20, ಅಂದರೆ ಮೂರರಲ್ಲಿ ಒಂದು ಪಾಲು. ಯೋಗಗಳಲ್ಲೂ 27ಕ್ಕೆ 9, ಮೂರರಲ್ಲಿ ಒಂದು ಪಾಲು. ಎರಡನ್ನೂ ಕೂಡಿಸಿ ನೋಡಿದರೆ, ಸರಾಸರಿ ಒಂಬತ್ತು ಮಕ್ಕಳಲ್ಲಿ ಐವರ ಜಾತಕದ ಮೊದಲ ಪುಟದಲ್ಲಿ ಹೆದರಿಸುವಂಥ ಒಂದಾದರೂ ಹೆಸರು ಇದ್ದೇ ಇರುತ್ತದೆ. ಶನಿವಾರ, ಮಂಗಳವಾರಗಳನ್ನು ನಾನು ಸೇರಿಸಿಯೂ ಇಲ್ಲ. ಅರ್ಧಕ್ಕಿಂತ ಹೆಚ್ಚು ಮಕ್ಕಳಿಗೆ ಬರುವ ಒಂದು ಗುರುತು ನಿಮ್ಮ ಮಗುವನ್ನು ಮಾತ್ರ ಬೇರ್ಪಡಿಸಿ ಹೇಳುವುದಾದರೂ ಏನು?

ಇನ್ನೊಂದು ದಿಕ್ಕಿನಿಂದಲೂ ಇದನ್ನೇ ನೋಡಬಹುದು. ಒಂದು ಕರಣ ಹತ್ತು ಗಂಟೆಗೂ ಹೆಚ್ಚು ಹೊತ್ತು ಇರುತ್ತದೆ, ತಿಥಿ ಮತ್ತು ಯೋಗ ಹೆಚ್ಚುಕಡಿಮೆ ಒಂದು ದಿನ. ಆ ಹೊತ್ತಿನಲ್ಲಿ ಭೂಮಿಯ ಮೇಲೆ ಎಲ್ಲೇ ಹುಟ್ಟಿದ ಮಗುವಿಗೂ ಅವು ಒಂದೇ. ಲಗ್ನವಾದರೋ ಸುಮಾರು ಎರಡು ಗಂಟೆಗೊಮ್ಮೆ ಬದಲಾಗುತ್ತದೆ, ಊರಿನಿಂದ ಊರಿಗೂ ಬೇರೆಯಾಗುತ್ತದೆ. ಆದ್ದರಿಂದ ಪಂಚಾಂಗದ ಅಂಗಗಳನ್ನು ಆ ದಿನದ ಹವೆ ಎಂದು ತಿಳಿದರೆ ಸಾಕು. ಮಗುವಿನದೇ ಎನ್ನಬಹುದಾದ ವಿವರ ಲಗ್ನ ಮತ್ತು ಭಾವಗಳಲ್ಲಿ ಇರುತ್ತದೆ.

ಇಷ್ಟನ್ನೂ ಒಂದು ಜಾತಕದಲ್ಲಿ ಬಿಡಿಸಿ ನೋಡಿದರೆ ಸ್ಪಷ್ಟವಾಗುತ್ತದೆ. ಯಾರ ಮನೆಯ ಮಗುವೂ ಅಲ್ಲದ, ಹುಟ್ಟಿದ ಸಮಯ ಎಲ್ಲರಿಗೂ ಗೊತ್ತಿರುವ ಜಾತಕವೊಂದಿದೆ: 1947ರ ಆಗಸ್ಟ್ 15, ಮಧ್ಯರಾತ್ರಿ 12 ಗಂಟೆ, ದೆಹಲಿ. ತಾರೀಖಿನ ಪ್ರಕಾರ ಅದು ಶುಕ್ರವಾರ. ಸೂರ್ಯೋದಯ ಇನ್ನೂ ಆಗಿರಲಿಲ್ಲವಾದ್ದರಿಂದ ಜಾತಕದಲ್ಲಿ ಗುರುವಾರ. ವಾರಾಧಿಪತಿ ಗುರು, ವೃಷಭ ಲಗ್ನದಿಂದ ಆರನೆಯದಾದ ತುಲಾ ರಾಶಿಯಲ್ಲಿದ್ದಾನೆ. ವಾರದಿಂದ ಸಿಗುವ ಮಾಹಿತಿ ಅಷ್ಟೇ.

ಭಾರತ ಸರ್ಕಾರದ ಪಂಚಾಂಗ ಬಳಸುವ ಲಾಹಿರಿ ಅಯನಾಂಶದಂತೆ ಆ ಕ್ಷಣದಲ್ಲಿ ಸೂರ್ಯ ಕರ್ಕಾಟಕದ 28 ಡಿಗ್ರಿಯ ಹತ್ತಿರ, ಚಂದ್ರ ಅದೇ ರಾಶಿಯ 4 ಡಿಗ್ರಿಯ ಹತ್ತಿರ. ಅಯನಾಂಶ ಎಂದರೆ ಸಾಯನ ಗಣನೆಯಿಂದ ನಿರಯಣಕ್ಕೆ ಬರುವಾಗ ಕಳೆಯುವ ಅಂತರ. ಚಂದ್ರ ಸೂರ್ಯನಿಗಿಂತ 24 ಡಿಗ್ರಿ ಹಿಂದಿದ್ದಾನೆ. ಒಂದು ತಿಥಿಗೆ 12 ಡಿಗ್ರಿಯಂತೆ ಇನ್ನು ಎರಡು ತಿಥಿ ಬಾಕಿ, ಚತುರ್ದಶಿ ಮತ್ತು ಅಮಾವಾಸ್ಯೆ. ಅಂದರೆ ಬಹುಳ ತ್ರಯೋದಶಿ ಮುಗಿದು ಚತುರ್ದಶಿ ಹಿಡಿಯುವ ಗಡಿಯಲ್ಲೇ ಆ ಮಧ್ಯರಾತ್ರಿ ಬಿದ್ದಿದೆ. ತ್ರಯೋದಶಿಯ ಉತ್ತರಾರ್ಧ ವಣಿಜ ಕರಣ, ಚತುರ್ದಶಿಯ ಪೂರ್ವಾರ್ಧ ವಿಷ್ಟಿ. ಕೆಲವೇ ನಿಮಿಷ ಹಿಂದೆ ಮುಂದೆ ಆದರೆ ತಿಥಿ, ಕರಣ ಎರಡೂ ಬದಲಾಗುತ್ತವೆ. ಹೆರಿಗೆ ಕೋಣೆಯಲ್ಲಿ ಗಡಿಯಾರ ನೋಡಿ ಸಮಯ ಬರೆದುಕೊಳ್ಳುವವರ ಕೈಯಲ್ಲಿ ಐದು ನಿಮಿಷ ಆಚೀಚೆ ಆಗುವುದು ಮಾಮೂಲು. ಇಂಥ ಗಡಿಯಲ್ಲಿ ಹುಟ್ಟಿದ ಮಗುವಿಗೆ ವಿಷ್ಟಿ ಎಂದು ಖಡಾಖಂಡಿತ ಹೇಳುವುದೇ ತಪ್ಪು.

ಯೋಗಕ್ಕೆ ಇನ್ನೂ ಸೂಕ್ಷ್ಮ ವಿಷಯವಿದೆ. ಮೇಷದಿಂದ ಎಣಿಸಿದರೆ ಸೂರ್ಯ 118, ಚಂದ್ರ 94, ಕೂಡಿದರೆ 212. ಇದರಲ್ಲಿ ಹದಿನೈದು ಯೋಗ ಮುಗಿದು ಹದಿನಾರನೆಯ ಸಿದ್ಧಿ ನಡೆಯುತ್ತಿದೆ, ಶುಭಯೋಗ. ಬೆಂಗಳೂರಿನ ಬಿ.ವಿ. ರಾಮನ್ ಅವರು ಬಳಸುತ್ತಿದ್ದ ಅಯನಾಂಶ ಲಾಹಿರಿಗಿಂತ ಸುಮಾರು ಒಂದೂವರೆ ಡಿಗ್ರಿ ಕಡಿಮೆ. ಅದರಲ್ಲಿ ಲೆಕ್ಕ ಹಾಕಿದರೆ ಸೂರ್ಯ ಚಂದ್ರರಿಬ್ಬರೂ ಅಷ್ಟಷ್ಟು ಮುಂದೆ ಸರಿಯುತ್ತಾರೆ. ವ್ಯತ್ಯಾಸ ಬದಲಾಗುವುದಿಲ್ಲವಾದ್ದರಿಂದ ತಿಥಿಗೂ ಕರಣಕ್ಕೂ ಏನೂ ಆಗುವುದಿಲ್ಲ. ಆದರೆ ಮೊತ್ತ ಇಮ್ಮಡಿ ಸರಿದು 215ರ ಹತ್ತಿರ ಬರುತ್ತದೆ, ಯೋಗ ಸಿದ್ಧಿಯನ್ನು ದಾಟಿ ವ್ಯತೀಪಾತವಾಗುತ್ತದೆ. ಒಂದೇ ಕ್ಷಣ, ಒಂದೇ ಊರು, ಎರಡೂ ಪ್ರಾಮಾಣಿಕ ಗಣಿತ. ಒಂದರಲ್ಲಿ ಶುಭ, ಇನ್ನೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರುವ ಯೋಗ. ಕಂಪ್ಯೂಟರಿನಲ್ಲಿ ಬರೆಸಿದ ಜಾತಕಕ್ಕೂ ಊರಿನ ಜೋಯಿಸರು ಬರೆದದ್ದಕ್ಕೂ ಯೋಗದ ಹೆಸರು ಹೊಂದದಿದ್ದರೆ ಮೊದಲು ಅಯನಾಂಶ ಯಾವುದೆಂದು ಕೇಳಿ. ಯೋಗದ ಜೊತೆಗೆ ತಿಥಿಯೂ ಹೊಂದದಿದ್ದರೆ ಕಾರಣ ಬೇರೆ. ಒಬ್ಬರು ಹಳೆಯ ಸೂರ್ಯಸಿದ್ಧಾಂತದ ಗಣಿತ, ಇನ್ನೊಬ್ಬರು ದೃಗ್ಗಣಿತ ಬಳಸಿರಬಹುದು. ಇವೆರಡರಲ್ಲಿ ತಿಥಿ ಮುಗಿಯುವ ಸಮಯ ಕೆಲವೊಮ್ಮೆ ಗಂಟೆಗಟ್ಟಲೆ ಬೇರೆಯಾಗುತ್ತದೆ.

ಇದೇ ಜಾತಕದಲ್ಲಿ ಚಂದ್ರನನ್ನು ಪಕ್ಷದಿಂದ ಮಾತ್ರ ನೋಡಿದರೆ ತೀರ ಕ್ಷೀಣ. ಆದರೆ ಅವನಿರುವುದು ಸ್ವಕ್ಷೇತ್ರ ಕರ್ಕಾಟಕದಲ್ಲಿ, ಪುಷ್ಯ ನಕ್ಷತ್ರದಲ್ಲಿ. ತಿಥಿ ತೆಗೆದುಕೊಂಡದ್ದನ್ನು ರಾಶಿ ಬಹಳಮಟ್ಟಿಗೆ ಹಿಂದಕ್ಕೆ ಕೊಟ್ಟಿದೆ. ಮೊದಲ ಪುಟ ಮಾತ್ರ ಓದಿದವರಿಗೆ ಚತುರ್ದಶಿ ಕಾಣುತ್ತದೆ, ಕುಂಡಲಿ ಓದಿದವರಿಗೆ ಇದೂ ಕಾಣುತ್ತದೆ.

ಇಲ್ಲಿಯವರೆಗೆ ಹೇಳಿದ ಗಣಿತ ಯಾರು ಬೇಕಾದರೂ ಪರೀಕ್ಷಿಸಬಹುದಾದದ್ದು. ಫಲದ ಭಾಗ ಹಾಗಲ್ಲ, ಅದು ನಂಬಿಕೆಯ ಪರಂಪರೆ. ಹಾಗಾಗಿ ಒಂದು ವಿಷಯದಲ್ಲಿ ಪೋಷಕರನ್ನು ಒತ್ತಿ ಕೇಳಿಕೊಳ್ಳುತ್ತೇನೆ. ಎರಡು ವರ್ಷವಾದರೂ ಮಾತು ಬರದಿದ್ದರೆ, ಕರೆದರೆ ತಿರುಗಿ ನೋಡದಿದ್ದರೆ, ಓದಿನಲ್ಲಿ ಅಕ್ಷರಗಳು ಕಲಸಿಹೋಗುತ್ತಿದ್ದರೆ ಅದಕ್ಕೆ ಕರಣದಲ್ಲಿ ಕಾರಣ ಹುಡುಕಿ ತಿಂಗಳುಗಳನ್ನು ಕಳೆಯಬೇಡಿ. ಮಕ್ಕಳ ವೈದ್ಯರಲ್ಲಿಗೆ ಕರೆದೊಯ್ಯಿರಿ. ಸಿಸೇರಿಯನ್ ಆಗಬೇಕಾದಾಗಲೂ ಅಷ್ಟೇ: ವೈದ್ಯರು ಹೇಳಿದ ಹೊತ್ತೇ ಹೊತ್ತು. ಭದ್ರೆ ಕಳೆಯಲಿ ಎಂದು ಹತ್ತು ಗಂಟೆ ಕಾಯಿಸಲು ಯಾವ ಶಾಸ್ತ್ರವೂ ಹೇಳುವುದಿಲ್ಲ.

ಮಗುವಿನ ಎದುರು ಆಡುವ ಮಾತಿನ ಬಗ್ಗೆಯೂ ಇಲ್ಲೇ ಹೇಳಬೇಕು. ಮಗ ಹಟ ಮಾಡಿದಾಗ ಅಜ್ಜಿ ‘ಅಮಾವಾಸ್ಯೆಯಲ್ಲಿ ಹುಟ್ಟಿದ್ದು, ಇನ್ನೇನಾಗುತ್ತೆ’ ಎನ್ನುವುದರಲ್ಲಿ ದ್ವೇಷವೇನೂ ಇರುವುದಿಲ್ಲ, ಬೇಸರ ಇರುತ್ತದೆ. ನಾಲ್ಕು ವರ್ಷದ ಮಗುವಿನ ಹಟಕ್ಕೆ ಹಸಿವು, ನಿದ್ದೆ, ಹೊಸದಾಗಿ ಬಂದ ತಮ್ಮ, ಬದಲಾದ ಶಾಲೆ ಹೀಗೆ ಕಾರಣಗಳು ಕೈಗೆಟಕುವಷ್ಟು ಹತ್ತಿರ ಇರುತ್ತವೆ. ತಿಥಿಯ ಹೆಸರು ಬಾಯಿಗೆ ಬಂದ ಕೂಡಲೇ ಆ ಕಾರಣಗಳ ಹುಡುಕಾಟ ನಿಂತುಹೋಗುತ್ತದೆ. ಮಗು ಮಾತ್ರ ಆ ಮಾತನ್ನು ಕೇಳಿಸಿಕೊಳ್ಳುತ್ತದೆ. ತನ್ನ ಕೋಪ ತಾನು ಬದಲಾಯಿಸಲಾಗದ ಒಂದು ಕ್ಷಣದಿಂದ ಬಂದದ್ದು ಎಂದು ನಂಬಿದ ಮಗುವಿಗೆ ಅದನ್ನು ತಡೆದುಕೊಳ್ಳಲು ಕಾರಣವೇ ಉಳಿಯುವುದಿಲ್ಲ. ಅಜ್ಜಿಗೆ ಇದನ್ನು ಮಗು ಮಲಗಿದ ಮೇಲೆ, ರಾಮನವಮಿಯ ಉದಾಹರಣೆ ಕೊಟ್ಟು ಹೇಳಿದರೆ ಅವರು ಖಂಡಿತ ಒಪ್ಪುತ್ತಾರೆ.

ಮನೆಯ ಹಿರಿಯರ ಸಮಾಧಾನಕ್ಕೆ ಶಾಂತಿ ಮಾಡಿಸಬೇಕೆಂದರೆ ಮಾಡಿಸಿ. ಅದು ಒಂದು ಬೆಳಗಿನ, ಕೈಗೆಟಕುವ ಖರ್ಚಿನ ಕೆಲಸವಾಗಿರಲಿ. ಸಾಲ ಮಾಡುವಷ್ಟು ದೊಡ್ಡ ಪಟ್ಟಿ ಕೊಟ್ಟು ಇಲ್ಲದಿದ್ದರೆ ಮಗುವಿಗೆ ಕೇಡು ಎನ್ನುವವರಿದ್ದರೆ, ಇನ್ನೊಬ್ಬರ ಬಳಿ ಜಾತಕ ತೋರಿಸುವುದು ಒಳ್ಳೆಯದು.

ಜಾತಕ ಸರಿಯಿದೆಯೇ ಎಂದು ನೋಡಲು ಕುಂಡಲಿಯೇ ಸಾಕು. ಅಮಾವಾಸ್ಯೆ ಎಂದಿದ್ದರೆ ಸೂರ್ಯ ಚಂದ್ರರು ಒಂದೇ ಮನೆಯಲ್ಲೋ ಅಕ್ಕಪಕ್ಕದಲ್ಲೋ ಇರಬೇಕು. ಹುಣ್ಣಿಮೆ ಎಂದಿದ್ದರೆ ಎದುರುಬದುರು, ಹೆಚ್ಚೆಂದರೆ ಒಂದು ಮನೆ ಈಚೆಗೆ. ಹೊರದೇಶದಲ್ಲಿ ಹುಟ್ಟಿದ ಮಕ್ಕಳಿಗೆ ಇನ್ನೂ ಎಚ್ಚರ ಬೇಕು. ಅಜ್ಜನ ಮನೆಯಲ್ಲಿ ಒಂಟಿಕೊಪ್ಪಲು ಪಂಚಾಂಗ ತೆರೆದು ಅಮೆರಿಕದ ಗಡಿಯಾರದ ಸಮಯವನ್ನು ಹಾಗೆಯೇ ಹಾಕಿದರೆ ತಿಥಿ ತಪ್ಪುತ್ತದೆ, ಏಕೆಂದರೆ ಅದರಲ್ಲಿ ತಿಥಿ ಮುಗಿಯುವ ವೇಳೆ ಕೊಟ್ಟಿರುವುದು ಇಲ್ಲಿಯ ಲೆಕ್ಕದಲ್ಲಿ. ತಿಥಿ, ಯೋಗ, ಕರಣಗಳಿಗೆ ಅಲ್ಲಿಯ ಸಮಯವನ್ನು ಭಾರತದ ಸಮಯಕ್ಕೆ ತಿರುಗಿಸಿ ನೋಡಬಹುದು. ವಾರಕ್ಕೂ ಲಗ್ನಕ್ಕೂ ಮಗು ಹುಟ್ಟಿದ ಊರಿನ ಸೂರ್ಯೋದಯವೇ ಬೇಕು. ಬೇಸಿಗೆಯಲ್ಲಿ ಅಲ್ಲಿ ಗಡಿಯಾರವನ್ನು ಒಂದು ಗಂಟೆ ಮುಂದಿಟ್ಟಿರುತ್ತಾರೆ, ಅದನ್ನೂ ಕಳೆಯಬೇಕು. ಹುಟ್ಟಿದ ಊರು, ಗಡಿಯಾರದ ಸಮಯ, ಗಡಿಯಾರ ಮುಂದಿಟ್ಟಿತ್ತೇ, ಯಾವ ಅಯನಾಂಶ ಬಳಸಿದರು ಎಂಬ ನಾಲ್ಕು ವಿವರಗಳನ್ನು ಜಾತಕದ ಹಿಂಬದಿಯಲ್ಲಿ ಬರೆದಿಡಿ. ಇಪ್ಪತ್ತೈದು ವರ್ಷದ ನಂತರ ಮದುವೆಗೆಂದು ಅದನ್ನು ತೆರೆದವರು ಲೆಕ್ಕವನ್ನು ಮೊದಲಿನಿಂದ ಹಾಕಿ ನೋಡಲು ಅಷ್ಟು ಸಾಕು.